ಶೇಕ್ಸ್‌ಪಿಯರ್, ಸೆರ್ವಾಂಟಿಸ್ ತೀರಿಕೊಂಡ ದಿನ: 22, 23, 25 ಅಂತ ಮೂರು ತಾರೀಕು ಯಾಕೆ?

ಸುಮನಾ
ಏಪ್ರಿಲ್ 23ರ ಪುಸ್ತಕ ದಿನಕ್ಕೆ ನಮ್ಮ ಓದುಗರ ಬಳಗದ ಪೋಸ್ಟರ್ ಬರೆಯೋ ಕೆಲಸ ನನ್ನ ಪಾಲಿಗೆ ಬಂದಿದೆ. "1616ರ ಏಪ್ರಿಲ್ 23ರಂದು ಶೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಇಬ್ಬರೂ ತೀರಿಕೊಂಡರು" ಅಂತ ಒಂದು ಸಾಲು ಹಾಕಿ ಮುಗಿಸೋಣ ಅಂದುಕೊಂಡಿದ್ದೆ. ಸುಮ್ನೆ ಒಮ್ಮೆ ಖಾತ್ರಿ ಮಾಡಿಕೊಳ್ಳೋಣ ಅಂತ ಹುಡುಕಿದರೆ ತಲೆ ಕೆಟ್ಟುಹೋಯಿತು. ಒಂದು ಕಡೆ ಸ್ಪೇನಿನ ಕಾದಂಬರಿಕಾರ ಸೆರ್ವಾಂಟಿಸ್‌ಗೆ 22 ಅಂತಿದೆ. ಇನ್ನೊಂದು ಕಡೆ 23. ಶೇಕ್ಸ್‌ಪಿಯರ್‌ಗೆ ಚರ್ಚ್ ಪುಸ್ತಕದಲ್ಲಿ 25 ಅಂತಿದೆಯಂತೆ. ಇಷ್ಟು ದೊಡ್ಡವರು ಸತ್ತ ದಿನವೇ ಸರಿಯಾಗಿ ಗೊತ್ತಿಲ್ಲವಾ? ಯಾವುದನ್ನು ಹಾಕಲಿ?

ಕ್ವಿಜ್ ಗಿರಿ
ಇದು ಸುಲಭ ಮೇಡಂ. ಇದೆಲ್ಲ ಕ್ಯಾಲೆಂಡರ್ ಮಹಿಮೆ. ಸ್ಪೇನ್ ಹೊಸ ಕ್ಯಾಲೆಂಡರ್‌ಗೆ ಹೋಗಿತ್ತು, ಇಂಗ್ಲೆಂಡ್ ಇನ್ನೂ ಹಳೆಯದರಲ್ಲೇ ಇತ್ತು. ಎರಡಕ್ಕೂ 13 ದಿನ ವ್ಯತ್ಯಾಸ. ಹಾಗಾಗಿ ಶೇಕ್ಸ್‌ಪಿಯರ್ ನಿಜವಾಗಿ ತೀರಿಕೊಂಡದ್ದು ಮೇ 6. ನಮ್ಮ ಕ್ವಿಜ್‌ನಲ್ಲಿ ಈ ಪ್ರಶ್ನೆ ಎರಡು ಸಲ ಕೇಳಿದ್ದೇನೆ.

ಚಿಕ್ಕು
ಇಂಥವೆಲ್ಲ ವಾಟ್ಸಾಪ್ ಸುದ್ದಿ ಆಗಿರುತ್ತೆ ಅಕ್ಕಾ. ಬದುಕಿರೋ ನಟರನ್ನೇ ವರ್ಷಕ್ಕೆ ಮೂರು ಸಲ ಸಾಯಿಸ್ತಾರೆ. ನಂಬಬೇಡಿ.

ಸುಮನಾ
ಚಿಕ್ಕು, ಇದು ಸುಳ್ಳು ಸುದ್ದಿಯ ಪ್ರಶ್ನೆ ಅಲ್ಲ ಮಾರಾಯ. ಇಬ್ಬರೂ ಸತ್ತು 400 ವರ್ಷ ಆಯಿತು! ತಾರೀಕು ಮಾತ್ರ ಬೇರೆ ಬೇರೆ ಇದೆ.

ಹಳೇ ಕಡತ
ಗಿರಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಕ್ಯಾಲೆಂಡರ್ ಬೇರೆ ಇತ್ತು, ಅದು ನಿಜ. ಆದರೆ 13 ದಿನ ಅಲ್ಲ, 10 ದಿನ. 13 ಅನ್ನೋದು 1900ರ ನಂತರದ ಲೆಕ್ಕ. ಹಳೆಯ ಕ್ಯಾಲೆಂಡರ್‌ನಲ್ಲಿ 1700, 1800, 1900 ಮೂರೂ ಅಧಿಕ ವರ್ಷ, ಹೊಸದರಲ್ಲಿ ಅಲ್ಲ. ಹಾಗಾಗಿ ಆ ಒಂದೊಂದು ವರ್ಷಕ್ಕೆ ಒಂದೊಂದು ದಿನ ಅಂತರ ಬೆಳೆಯಿತು. 1616ರಲ್ಲಿ ಅದು ಇನ್ನೂ 10ರಲ್ಲೇ ಇತ್ತು. ಅಂದರೆ ಶೇಕ್ಸ್‌ಪಿಯರ್ ಊರು ಸ್ಟ್ರಾಟ್‌ಫರ್ಡ್‌ನಲ್ಲಿ ಏಪ್ರಿಲ್ 23 ಆಗಿದ್ದ ದಿನ ಸೆರ್ವಾಂಟಿಸ್ ಇದ್ದ ಮ್ಯಾಡ್ರಿಡ್‌ನಲ್ಲಿ ಮೇ 3 ಆಗಿತ್ತು.

ಆದರೆ ಸುಮನಾ ಅವರ 22, 23, 25ಕ್ಕೆ ಕ್ಯಾಲೆಂಡರ್ ಕಾರಣವೇ ಅಲ್ಲ. ಗಮನಿಸಿ, ಅಲ್ಲಿರೋ ಅಂತರ ಒಂದು ದಿನ, ಎರಡು ದಿನ ಅಷ್ಟೇ. ಕ್ಯಾಲೆಂಡರ್ ತಪ್ಪಿದರೆ 10, 11, 12, 13 ಹೀಗೆ ದಿನ ಜಾರುತ್ತದೆ. ಒಂದರಿಂದ ಮೂರು ದಿನ ಜಾರಿದ್ದರೆ ನಾನು ಮೊದಲು ಅನುಮಾನ ಪಡೋದು ಮಣ್ಣು ಮಾಡಿದ ದಿನದ ಮೇಲೆ.

ಸುಮನಾ
ಅಂದರೆ ಯಾರೋ ಸತ್ತ ದಿನದ ಬದಲು ಮಣ್ಣು ಮಾಡಿದ ದಿನ ಬರೆದುಬಿಟ್ಟರು ಅಂತಲಾ?

ಹಳೇ ಕಡತ
"ಬರೆದುಬಿಟ್ಟರು" ಅಂದರೆ ಅವರು ತಪ್ಪು ಮಾಡಿದ ಹಾಗಾಗುತ್ತೆ. ಅವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ತಪ್ಪು ಓದೋರು ನಾವು. ನಾನು ದಾಖಲೆಗಳ ಸಂಗ್ರಹದಲ್ಲಿ ಕೆಲಸ ಮಾಡಿದವನು. ಹಳೇ ಪುಸ್ತಕ ಕೈಗೆ ಬಂದರೆ ನಾನು ಮೊದಲು ಕೇಳಿಕೊಳ್ಳೋದು ಇದನ್ನೇ: ಇದನ್ನು ಯಾರು, ಯಾವ ಕೆಲಸಕ್ಕಾಗಿ ಇಟ್ಟರು?

ಸ್ಟ್ರಾಟ್‌ಫರ್ಡ್ ಚರ್ಚ್ ಪುಸ್ತಕ ನೋಡಿ. ಅದರಲ್ಲಿ ಇರೋದು ಜ್ಞಾನಸ್ನಾನ, ಮದುವೆ, ಹೂಳಿದ್ದು. ಹುಟ್ಟೂ ಇಲ್ಲ, ಸಾವೂ ಇಲ್ಲ. ಚರ್ಚಿಗೆ ಬೇಕಾಗಿದ್ದು ತಾನು ಮಾಡಿದ ಕೆಲಸದ ಲೆಕ್ಕ. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಉಸಿರು ಬಿಟ್ಟರು ಅನ್ನೋದು ಅದರ ಕೆಲಸ ಅಲ್ಲ. ಅದರಲ್ಲಿ 1616ರ ಏಪ್ರಿಲ್ 25ಕ್ಕೆ ಒಂದು ಸಾಲು ಇದೆ, ವಿಲ್ ಶೇಕ್ಸ್‌ಪಿಯರ್, ಜಂಟಲ್‌ಮನ್ ಅಂತ. ಅಷ್ಟೇ. ಅದು ಮಣ್ಣು ಮಾಡಿದ ದಿನ.

ಕ್ವಿಜ್ ಗಿರಿ
10 ದಿನದ ವಿಷಯ ಒಪ್ಪಿದೆ ಸಾರ್. ಎರಡು ಸಲ ತಪ್ಪು ಉತ್ತರಕ್ಕೆ ಅಂಕ ಕೊಟ್ಟಿದ್ದೇನೆ, ಅದನ್ನು ಈಗ ವಾಪಸ್ ಕೇಳೋಕಾಗಲ್ಲ. ಆದರೆ ಹಾಗಿದ್ದರೆ 23 ಎಲ್ಲಿಂದ ಬಂತು?

ಹಳೇ ಕಡತ
ಗೋಡೆಯಿಂದ. ಅದೇ ಚರ್ಚ್ ಒಳಗೆ ಗೋಡೆಯಲ್ಲಿ ಅವರ ಸ್ಮಾರಕ ಇದೆ, ಕೈಯಲ್ಲಿ ಗರಿ ಹಿಡಿದ ಪ್ರತಿಮೆ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, ತೀರಿಕೊಂಡದ್ದು 1616, ವಯಸ್ಸು 53, ಏಪ್ರಿಲ್ 23 ಅಂತ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ನೆಲದ ಮೇಲೆ ಸಮಾಧಿ ಕಲ್ಲು ಬೇರೆ ಇದೆ. ಅದರಲ್ಲಿ ಮೂಳೆ ಅಲುಗಾಡಿಸಿದವರಿಗೆ ಶಾಪ ಇದೆಯೇ ಹೊರತು ಹೆಸರೂ ಇಲ್ಲ, ತಾರೀಕೂ ಇಲ್ಲ.

ಆ ಗೋಡೆ ಸ್ಮಾರಕ 1623ರ ಹೊತ್ತಿಗೆ ಅಲ್ಲಿ ಇತ್ತು ಅನ್ನೋದು ಖಚಿತ. ಆ ವರ್ಷ ಬಂದ ನಾಟಕಗಳ ಸಂಪುಟದಲ್ಲಿ ಅದರ ಪ್ರಸ್ತಾಪ ಇದೆ. ಅಂದರೆ 23 ಅನ್ನೋ ಕಲ್ಲಿನ ಮಾತು ಸಾವಾದ ಏಳು ವರ್ಷದೊಳಗಿನದು. ಮನೆಯವರು ಬದುಕಿದ್ದರು, ಊರಲ್ಲಿ ನೆನಪಿದ್ದವರು ಇದ್ದರು. ನಂಬಬಹುದು. ಆ ಕಲ್ಲು ಇಲ್ಲದಿದ್ದರೆ ಮಾತ್ರ ಇವತ್ತು ನಾವೆಲ್ಲ ಶೇಕ್ಸ್‌ಪಿಯರ್ ಸತ್ತದ್ದು ಏಪ್ರಿಲ್ 25 ಅಂತಲೇ ಓದುತ್ತಿದ್ದೆವು.

ಹುಟ್ಟಿಗೆ ಇದೇ ಕಥೆ ಆಗಿದೆ. ಚರ್ಚ್ ಪುಸ್ತಕದಲ್ಲಿ ಇರೋದು 1564ರ ಏಪ್ರಿಲ್ 26ರ ಜ್ಞಾನಸ್ನಾನ ಮಾತ್ರ. ಹುಟ್ಟಿದ್ದೂ 23ಕ್ಕೇ ಅನ್ನೋದು ಊಹೆ. ಸತ್ತ ದಿನವೇ ಹುಟ್ಟಿದ್ದೂ ಅಂದರೆ ಚಂದ ಕಾಣುತ್ತೆ, ಜನಕ್ಕೆ ಇಷ್ಟ ಆಯಿತು.

ಮಂಜುನಾಥ್ ಎಸ್.
ಇದನ್ನು ಓದಿ ನಮ್ಮ ಅಪ್ಪನ ವಿಷಯ ನೆನಪಾಯಿತು. ರಾತ್ರಿ 11.40ಕ್ಕೆ ಮನೆಯಲ್ಲೇ ಹೋದರು, ನಾನು ಪಕ್ಕದಲ್ಲೇ ಇದ್ದೆ, ಗೋಡೆ ಗಡಿಯಾರ ನೋಡಿದ್ದೆ. ವೈದ್ಯರು ಬಂದು ನಾಡಿ ನೋಡಿ ಬರೆದುಕೊಟ್ಟಾಗ 12.30 ದಾಟಿತ್ತು. ಮರಣ ಪತ್ರದಲ್ಲಿ ಮರುದಿನದ ತಾರೀಕು ಬಂದಿದೆ. ನಮ್ಮಮ್ಮ ಇವತ್ತಿಗೂ ಆ ಪತ್ರ ಕಂಡರೆ "ಇದು ಅವರು ಹೋದ ದಿನ ಅಲ್ಲ" ಅಂತಾರೆ. ಈಗ ಯಾವುದು ಸರಿ? ಬದಲಾಯಿಸೋಕೆ ಆಗುತ್ತಾ?

ಹಳೇ ಕಡತ
ಮಂಜುನಾಥ್ ಅವರೇ, ಬದಲಾಯಿಸೋ ದಾರಿ ನಿಮ್ಮಲ್ಲಿ ನೋಂದಣಿ ಮಾಡೋರನ್ನೇ ಕೇಳಬೇಕು, ಅದು ನನ್ನ ವಿಷಯ ಅಲ್ಲ. ಆದರೆ ಅಲ್ಲಿ ಆಗಿದ್ದೇನು ಅಂತ ಹೇಳಬಲ್ಲೆ. ವೈದ್ಯರು ಕಣ್ಣಾರೆ ಕಂಡದ್ದು 12.30. ಅವರು ಅದಕ್ಕೆ ಮಾತ್ರ ಸಾಕ್ಷಿ. 11.40ಕ್ಕೆ ಸಾಕ್ಷಿ ನೀವು. ಪತ್ರದಲ್ಲಿ ಬಂದದ್ದು ಅವರ ಸಾಕ್ಷಿ. ನಿಮ್ಮ ಅಮ್ಮ ಹೇಳೋದೂ ಸುಳ್ಳಲ್ಲ. ಮನೆಯ ಯಾವುದಾದರೂ ಡೈರಿಯಲ್ಲಿ ನೀವು ನೋಡಿದ ಸಮಯ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ಇಡಿ. ಮುಂದೆ ಯಾರಾದರೂ ನೋಡಿದರೆ ಎರಡು ತಾರೀಕು ಯಾಕೆ ಅನ್ನೋದು ಅವರಿಗೆ ತಿಳಿಯುತ್ತೆ.

ಮಂಜುನಾಥ್ ಎಸ್.
ಬರೆದಿಡ್ತೇನೆ. ಇದು ಹೊಳೆದೇ ಇರಲಿಲ್ಲ.

ತಕರಾರು
ಎಲ್ಲ ಸರಿ ಸಾರ್, ಸೆರ್ವಾಂಟಿಸ್‌ಗೆ ಬನ್ನಿ. ನಾನು ಅವರ ಸಾವಿನ ಸಾಲಿರೋ ಮ್ಯಾಡ್ರಿಡ್ ಚರ್ಚ್ ಪುಸ್ತಕದ ಅಚ್ಚಾದ ಪಾಠ ಓದಿದ್ದೇನೆ, ಸ್ವಲ್ಪ ಸ್ಪ್ಯಾನಿಷ್ ಬರುತ್ತೆ. ಅಲ್ಲಿ "ಹೂಳಲಾಯಿತು" ಅಂತಿಲ್ಲ. "1616ರ ಏಪ್ರಿಲ್ 23ರಂದು ಮಿಗೆಲ್ ಸೆರ್ವಾಂಟಿಸ್ ಸಾವೆದ್ರಾ ತೀರಿಕೊಂಡರು" ಅಂತಲೇ ಇದೆ. ನೀವು ಹೇಳೋ ಹಾಗೆ ಇದೂ ಮಣ್ಣು ಮಾಡಿದ ದಿನ ಅಂದರೆ ಪುಸ್ತಕದ ಮಾತನ್ನೇ ತಳ್ಳಿಹಾಕಿ 22 ಅನ್ನಬೇಕಾಗುತ್ತೆ, ಯಾವ ಆಧಾರದ ಮೇಲೆ?

ಹಳೇ ಕಡತ
ಒಳ್ಳೇ ಪ್ರಶ್ನೆ, ಇಲ್ಲೇ ನಿಜವಾದ ಗಂಟು ಇರೋದು. ಆ ಸಾಲು ಪೂರ್ತಿ ಓದಿದ್ದೀರಾ? ಹೆಂಡತಿಯ ಹೆಸರು, ಮನೆ ಇದ್ದ ಬೀದಿ, ಕೊನೆಯ ಸಂಸ್ಕಾರ ಕೊಟ್ಟ ಪಾದ್ರಿಯ ಹೆಸರು ಇದೆ. ಟ್ರಿನಿಟೇರಿಯನ್ ಸನ್ಯಾಸಿನಿಯರ ಮಠದಲ್ಲಿ ತನ್ನನ್ನು ಹೂಳಬೇಕು ಅಂತ ಹೇಳಿದ್ದು ಇದೆ. ಆತ್ಮಕ್ಕಾಗಿ ಎರಡು ಪೂಜೆ ಮಾಡಿಸಬೇಕು, ಉಳಿದದ್ದು ಹೆಂಡತಿಯ ಇಷ್ಟ ಅಂತಿದೆ. ಇದು ಸಾವಿನ ಹೊತ್ತಲ್ಲಿ ಹಾಸಿಗೆ ಪಕ್ಕ ಕೂತು ಬರೆದ ಸಾಲಿನ ಹಾಗೆ ಕಾಣುತ್ತಾ? ಎಲ್ಲ ಏರ್ಪಾಡು ಗೊತ್ತಾದ ಮೇಲೆ ಪುಸ್ತಕ ತೆಗೆದು ಬರೆದ ಹಾಗಿದೆ. ಆ ಕಾಲದ ಚರ್ಚ್‌ಗಳಲ್ಲಿ "ತೀರಿಕೊಂಡರು" ಅಂತ ಬರೆದು, ಎದುರಿಗೆ ಮಣ್ಣಾದ ದಿನದ ತಾರೀಕು ಹಾಕೋದು ರೂಢಿ. ಸಾಲಿನ ಕ್ರಿಯಾಪದ ಒಂದು ದಿನದ್ದು, ತಾರೀಕು ಇನ್ನೊಂದು ದಿನದ್ದು.

ಏಪ್ರಿಲ್ 19ಕ್ಕೆ ಅವರು ಬದುಕಿದ್ದರು. ತಮ್ಮ ಕೊನೇ ಕಾದಂಬರಿಯ ಅರ್ಪಣೆಗೆ ಅದೇ ತಾರೀಕು ಹಾಕಿ, ನಿನ್ನೆ ನನಗೆ ಕೊನೆಯ ತೈಲಸಂಸ್ಕಾರ ಕೊಟ್ಟರು ಅಂತ ಬರೆದಿದ್ದಾರೆ. 23ಕ್ಕೆ ಪುಸ್ತಕದಲ್ಲಿ ದಾಖಲೆ. ಸಾವು ಈ ಎರಡರ ನಡುವೆ. ಸತ್ತ ಮರುದಿನ ಹೂಳೋದು ಮಾಮೂಲು ಅಂತ ಒಂದು ದಿನ ಹಿಂದೆ ಹೋಗಿ 22 ಅನ್ನುತ್ತಾರೆ. ಇವತ್ತು ಹೆಚ್ಚಿನ ವಿದ್ವಾಂಸರು ಒಪ್ಪೋದು ಇದನ್ನೇ.

ತಕರಾರು
ಹಾಗಾದರೆ 22 ಅನ್ನೋದು ಲೆಕ್ಕ ಹಾಕಿ ಬಂದ ದಿನ. 23 ಅನ್ನೋದು ಕಾಗದದ ಮೇಲೆ ಇರೋ ದಿನ. ನನಗೆ ಕಾಗದವೇ ಜಾಸ್ತಿ ಭಾರ ಅನ್ನಿಸುತ್ತೆ.

ಹಳೇ ಕಡತ
ಅದೇ ಪುಸ್ತಕದಲ್ಲಿ ಬೇರೆ ಸಾಲುಗಳನ್ನು ತಾಳೆ ನೋಡಬೇಕು. ಸತ್ತ ದಿನ ಬೇರೆ ದಾರಿಯಿಂದ ಗೊತ್ತಿರೋ ಕೆಲವರನ್ನು ಆರಿಸಿಕೊಳ್ಳಿ. ಉಯಿಲು ಇರಬಹುದು, ಪತ್ರ ಇರಬಹುದು. ಅವರೆಲ್ಲರ ಸಾಲಿನಲ್ಲೂ ತಾರೀಕು ಒಂದು ದಿನ ಮುಂದಿದ್ದರೆ ಬರೆದವನ ರೂಢಿ ಏನು ಅಂತ ಸಿಕ್ಕಿತು. ನಾನು ನೋಡಿದ ಎಷ್ಟೋ ಪುಸ್ತಕಗಳಲ್ಲಿ ರೂಢಿ ನಡುವೆ ಬದಲಾಗಿಬಿಡುತ್ತೆ. ಬರೆಯೋನು ಬದಲಾದ ಪುಟದಿಂದ ಕೈಬರಹ ಬೇರೆ, ತಾರೀಕಿನ ಲೆಕ್ಕವೂ ಬೇರೆ. ಹಾಗಾಗಿ ನಿಮ್ಮ ತಕರಾರು ತಪ್ಪು ಅನ್ನಲ್ಲ. 22 ಸಾಧ್ಯತೆ ಹೆಚ್ಚಿರೋ ದಿನ. ಕಲ್ಲಿನಲ್ಲಿ ಕೆತ್ತಿದ ದಿನ ಅಲ್ಲ.

ರೇಡಿಯೋ ರಂಗಣ್ಣ
ನಾನು ಸುದ್ದಿ ಮನೆಯಲ್ಲಿ ರಾತ್ರಿ ಪಾಳಿ ಮಾಡಿ ಹಣ್ಣಾದವನು. ಚರ್ಚ್ ಪುಸ್ತಕ ನನಗೆ ಗೊತ್ತಿಲ್ಲ, ಸುದ್ದಿ ತಾರೀಕು ಗೊತ್ತು. ಎಷ್ಟೋ ಜನ ಪತ್ರಿಕೆಯ ತಲೆ ಮೇಲಿನ ತಾರೀಕನ್ನೇ ಸತ್ತ ದಿನ ಅಂತ ಎತ್ತಿಕೊಳ್ಳುತ್ತಾರೆ.

ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪದಲ್ಲಿ ತೀರಿಕೊಂಡದ್ದು 1821ರ ಮೇ 5ರ ಸಂಜೆ. ಮೇ 9ಕ್ಕೆ ಅಲ್ಲೇ ಮಣ್ಣು. ಲಂಡನ್‌ಗೆ ಸುದ್ದಿ ಮುಟ್ಟಿದ್ದು ಜುಲೈ 4ಕ್ಕೆ, ಹಡಗಿನಲ್ಲಿ. ಎರಡು ತಿಂಗಳು ಯುರೋಪಿಗೆಲ್ಲ ಅವನು ಬದುಕೇ ಇದ್ದ. ಆ ಮೇ, ಜೂನ್‌ನಲ್ಲಿ ಬರೆದ ಪತ್ರಗಳಲ್ಲಿ ಅವನ ಬಗ್ಗೆ ವರ್ತಮಾನ ಕಾಲದಲ್ಲಿ ಇದ್ದರೆ ಬರೆದವರು ಸುಳ್ಳುಗಾರರಲ್ಲ.

ತಂತಿ, ರೇಡಿಯೋ ಬಂದ ಮೇಲೂ ಕಾಟ ತಪ್ಪಲಿಲ್ಲ. ಗಾಯಕ ಜಾನ್ ಲೆನನ್ ನ್ಯೂಯಾರ್ಕ್‌ನಲ್ಲಿ ಗುಂಡೇಟಿಗೆ ಬಲಿಯಾದದ್ದು 1980ರ ಡಿಸೆಂಬರ್ 8ರ ರಾತ್ರಿ, 11 ದಾಟಿತ್ತು. ಅವರ ಹುಟ್ಟೂರು ಲಿವರ್‌ಪೂಲ್‌ನಲ್ಲಿ ಆಗಲೇ 9ನೇ ತಾರೀಕು ಬೆಳಗಿನ ಜಾವ. ಅಲ್ಲಿಯವರ ನೆನಪಿನಲ್ಲಿ ಅದು 9ನೇ ತಾರೀಕಿನ ಸಾವು. ಆದರೆ ಬರೆಯೋದು ಸತ್ತ ಜಾಗದ ತಾರೀಕು, ಅಂದರೆ 8.

ಚಿಕ್ಕು
ಅಂದರೆ ಸುದ್ದಿ ತಡವಾಗಬಹುದು, ಮುಂಚೆ ಮಾತ್ರ ಆಗಲ್ಲ ಅಲ್ವಾ?

ರೇಡಿಯೋ ರಂಗಣ್ಣ
ಸುದ್ದಿ ಮುಂಚೆ ಆಗಲ್ಲ ಮಗು. ಆದರೆ ಸುದ್ದಿಯ ಹೊತ್ತಿಗೆ ತಕ್ಕಂತೆ ಸಾವನ್ನೇ ಮುಂಚೆ ಮಾಡಿದ್ದು ಇದೆ! ಬ್ರಿಟನ್ನಿನ ದೊರೆ ಐದನೇ ಜಾರ್ಜ್. 1936ರ ಜನವರಿ 20, ರಾತ್ರಿ 11.55ಕ್ಕೆ ತೀರಿಕೊಂಡರು. ಮಧ್ಯರಾತ್ರಿಗೆ ಐದೇ ನಿಮಿಷ. ಅರಮನೆಯ ವೈದ್ಯ ಡಾಸನ್ ಬರೆದಿಟ್ಟಿದ್ದ ಟಿಪ್ಪಣಿ 1986ರಲ್ಲಿ ಹೊರಬಂತು. ದೊರೆ ಹೇಗೂ ಉಳಿಯೋ ಹಾಗಿರಲಿಲ್ಲ. 11 ಗಂಟೆ ಹೊತ್ತಿಗೆ ತಾನೇ ಮಾರ್ಫಿನ್ ಮತ್ತು ಕೊಕೇನ್ ಚುಚ್ಚಿದೆ ಅಂತ ಆತ ಬರೆದಿದ್ದಾನೆ. ಕಾರಣಗಳಲ್ಲಿ ಒಂದು ಏನು ಗೊತ್ತಾ? ಸುದ್ದಿ ಮೊದಲು ಬೆಳಗಿನ ಪತ್ರಿಕೆಯಲ್ಲಿ ಬರಲಿ, ಸಂಜೆಯ ಹಗುರ ಪತ್ರಿಕೆಗಳಲ್ಲಿ ಬೇಡ ಅಂತ. ಹೆಂಡತಿಗೆ ಫೋನ್ ಮಾಡಿ, ಟೈಮ್ಸ್ ಪತ್ರಿಕೆಯವರಿಗೆ ಅಚ್ಚು ಸ್ವಲ್ಪ ತಡೆಹಿಡಿಯೋಕೆ ಹೇಳು ಅಂತಲೂ ಸೂಚಿಸಿದ್ದ.

ನಮಗೆ ರಾತ್ರಿ ಪಾಳಿಯಲ್ಲಿ ಪುಟ ಬಿಡೋ ಹೊತ್ತು ಅಂದರೆ ಎದೆ ಢವಢವ ಅಂತಿತ್ತು. ಆದರೆ ಪುಟದ ಹೊತ್ತಿಗೆ ದೊರೆಯನ್ನು ಹೊಂದಿಸಿದ್ದು ಇದೊಂದೇ ಕೇಳಿದ್ದು.

ಸುಮನಾ
ರಂಗಣ್ಣ ಅವರೇ, ಇದನ್ನು ಪೋಸ್ಟರ್‌ಗೆ ಹಾಕೋಕಾಗಲ್ಲವಲ್ಲ ಅಂತ ಬೇಜಾರು.

ತಕರಾರು
ಸುದ್ದಿ ಬಿಡೋದು ಸರ್ಕಾರದ ಕೈಯಲ್ಲೇ ಇದ್ದರೆ? ಉತ್ತರ ಕೊರಿಯಾದ ಕಿಮ್ ಜಾಂಗ್ ಇಲ್ ಸತ್ತದ್ದು 2011ರ ಡಿಸೆಂಬರ್ 17 ಅಂತಾರೆ. ಟಿವಿಯಲ್ಲಿ ಹೇಳಿದ್ದು 19ಕ್ಕೆ. ಅಂತ್ಯಕ್ರಿಯೆ ಮೆರವಣಿಗೆ 28ಕ್ಕೆ. ಎರಡು ದಿನ ಮುಚ್ಚಿಟ್ಟವರು ನಾಲ್ಕು ದಿನ ಮುಚ್ಚಿಟ್ಟಿರಲಿಲ್ಲ ಅನ್ನೋಕೆ ಏನು ಗ್ಯಾರಂಟಿ?

ಹಳೇ ಕಡತ
ಗ್ಯಾರಂಟಿ ಇಲ್ಲ. 17 ಅಂತ ಹೇಳಿದ್ದು ಮುಚ್ಚಿಟ್ಟವರೇ. ರೈಲಿನಲ್ಲಿ ಸತ್ತರು ಅಂತ ಅವರು ಹೇಳಿದರು, ರೈಲು ಹೊರಟೇ ಇರಲಿಲ್ಲ ಅಂತ ದಕ್ಷಿಣ ಕೊರಿಯಾದ ಗುಪ್ತಚರ ಮುಖ್ಯಸ್ಥರು ಹೇಳಿದರು. ಅದು ಜಾಗದ ಬಗ್ಗೆ ಎದ್ದ ಅನುಮಾನ. ನಾನಾದರೆ 17 ಅಂತಲೇ ಬರೆದು, ಸರ್ಕಾರದ ಪ್ರಕಟಣೆ ಪ್ರಕಾರ ಅಂತ ಸೇರಿಸುತ್ತೇನೆ.

ಕ್ವಿಜ್ ಗಿರಿ
ಇನ್ನೊಂದು ಬಗೆ ನಾನು ಸೇರಿಸ್ತೀನಿ, ಇದರಲ್ಲಿ ತಪ್ಪಿರಲ್ಲ ಅನ್ಕೊಂಡಿದ್ದೀನಿ. ನಟ ಜೀನ್ ಹ್ಯಾಕ್‌ಮನ್. 2025ರ ಫೆಬ್ರವರಿ 26ರಂದು ಮನೆಯಲ್ಲಿ ಶವ ಸಿಕ್ಕಿತು. ಆಮೇಲೆ ಅವರ ಎದೆಯಲ್ಲಿದ್ದ ಪೇಸ್‌ಮೇಕರ್ ತೆಗೆದು ನೋಡಿದರೆ ಅದು ಕೊನೆಯ ಸಲ ಹೃದಯದ ಏರುಪೇರು ದಾಖಲಿಸಿದ್ದು ಫೆಬ್ರವರಿ 18ಕ್ಕೆ. ಹಾಗಾಗಿ ಈಗ ಸುಮಾರು 18 ಅಂತ ಬರೆಯುತ್ತಾರೆ. ಶವ ಸಿಕ್ಕ ದಿನವನ್ನೇ ಸತ್ತ ದಿನ ಅಂತ ಹಿಡಿದಿದ್ದರೆ ಎಂಟು ದಿನ ತಪ್ಪು.

ಹಳೇ ಕಡತ
ಪೂರ್ತಿ ಸರಿ ಗಿರಿಯವರೇ. ಆ "ಸುಮಾರು" ಅನ್ನೋ ಪದ ಬಿಡಬೇಡಿ ಅಷ್ಟೇ. ಯಂತ್ರ ಹೇಳಿದ್ದು ಹೃದಯದ ಕೊನೆಯ ಸದ್ದು ಕೇಳಿದ ದಿನ.

ಸುಮನಾ
ಈಗ ನನ್ನ ಪೋಸ್ಟರ್. "ಇಬ್ಬರೂ ಒಂದೇ ತಾರೀಕಿಗೆ ತೀರಿಕೊಂಡರು, ಆದರೆ ಒಂದೇ ದಿನ ಅಲ್ಲ" ಅಂತ ಬರೆದರೆ ಸರಿಯಾಗುತ್ತಾ? ಚಮತ್ಕಾರವಾಗಿದೆ, ಜನ ನಿಂತು ಓದುತ್ತಾರೆ.

ಹಳೇ ಕಡತ
ಚಮತ್ಕಾರ ಚೆನ್ನಾಗಿದೆ, ಆದರೆ 22 ಒಪ್ಪಿದರೆ ಒಂದೇ ತಾರೀಕು ಅನ್ನೋದೂ ಬಿದ್ದುಹೋಗುತ್ತೆ. ಎರಡನ್ನೂ ಒಂದೇ ಕ್ಯಾಲೆಂಡರ್‌ಗೆ ತಂದು ನೋಡಿ. ಸೆರ್ವಾಂಟಿಸ್ ಏಪ್ರಿಲ್ 22ಕ್ಕೆ ಹೋದರು, 23ರ ದಿನಾಂಕದಲ್ಲಿ ಪುಸ್ತಕಕ್ಕೆ ಬಂದರು. ಶೇಕ್ಸ್‌ಪಿಯರ್ ಹೋದದ್ದು ಮೇ 3, ಮಣ್ಣಾದದ್ದು ಮೇ 5. ಇಬ್ಬರ ಸಾವಿನ ನಡುವೆ 11 ದಿನ. ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್ ಇನ್ನೂ ಓಡಾಡಿಕೊಂಡಿದ್ದಾಗಲೇ ಮ್ಯಾಡ್ರಿಡ್‌ನಲ್ಲಿ ಸೆರ್ವಾಂಟಿಸ್ ಸಮಾಧಿ ಸೇರಿದ್ದರು.

ತಕರಾರು
ಓಡಾಡಿಕೊಂಡಿದ್ದರು ಅನ್ನೋಕೆ ಏನು ದಾಖಲೆ ಇದೆ? ಹಾಸಿಗೆ ಹಿಡಿದಿರಬಹುದಲ್ಲ.

ಹಳೇ ಕಡತ
ಸರಿ, ಸಿಕ್ಕಿಬಿದ್ದೆ. ಉಸಿರಾಡಿಕೊಂಡಿದ್ದರು ಅನ್ನೋಣ.

ಕ್ವಿಜ್ ಗಿರಿ
ಹಾಗಾದರೆ ಪುಸ್ತಕ ದಿನಕ್ಕೆ ಯುನೆಸ್ಕೋ 1995ರಲ್ಲಿ ಏಪ್ರಿಲ್ 23 ಆರಿಸಿದ್ದು ತಪ್ಪಾ?

ಹಳೇ ಕಡತ
ಅದು ಆಚರಣೆಗೆ ಆರಿಸಿಕೊಂಡ ದಿನ. ಇಬ್ಬರಿಗೂ ರೂಢಿಯಲ್ಲಿ ಇರೋ ತಾರೀಕು ಅದೇ. ಅದರಲ್ಲಿ ತಪ್ಪು ಹುಡುಕೋದು ಬೇಡ. ಅದನ್ನೇ ಆಧಾರ ಮಾಡಿಕೊಂಡು ಸತ್ತ ದಿನ ಬರೆಯಬಾರದು, ಅಷ್ಟೇ.

ಅಂದಹಾಗೆ ಯಾರಾದರೂ ವಿಕಿಪೀಡಿಯದ ಜೊತೆಗಿರೋ ಮಾಹಿತಿ ಕೋಶ ವಿಕಿಡೇಟಾದಲ್ಲಿ ತಾರೀಕು ತುಂಬುವವರಿದ್ದರೆ, ಅಲ್ಲಿ ಸತ್ತ ದಿನಕ್ಕೆ P570, ಹೂಳಿದ ಅಥವಾ ಸುಟ್ಟ ದಿನಕ್ಕೆ P4602 ಅಂತ ಬೇರೆ ಬೇರೆ ಜಾಗ ಇದೆ. 25 ಸಿಕ್ಕರೆ ಎರಡನೆಯದಕ್ಕೆ ಹಾಕಿ. ಯಾವ ಕ್ಯಾಲೆಂಡರ್ ಅಂತಲೂ ಅಲ್ಲೇ ಹೇಳಬಹುದು. ಶೇಕ್ಸ್‌ಪಿಯರ್‌ನ ಏಪ್ರಿಲ್ 23ನ್ನು ಜೂಲಿಯನ್, ಅಂದರೆ ಆ ಹಳೆಯ ಕ್ಯಾಲೆಂಡರ್, ಅಂತ ಗುರುತು ಹಾಕಿದ್ದರೆ ಹಾಗೇ ಬಿಡಿ. ಕೆಲವರು ತಾವೇ 10 ದಿನ ಕೂಡಿ ಮೇ 3 ಅಂತ ಬರೆದು, ಜೂಲಿಯನ್ ಗುರುತನ್ನು ತೆಗೆಯದೆ ಹಾಗೇ ಉಳಿಸಿರುತ್ತಾರೆ. ಮುಂದಿನವನು ಬಂದು ಇನ್ನೊಂದು 10 ಕೂಡುತ್ತಾನೆ. ಮೇ 13 ಅನ್ನೋ ತಾರೀಕು ಹುಟ್ಟೋದು ಹೀಗೆ.

ಸುಮನಾ
ಕೊನೆಗೆ ಹೀಗೆ ಬರೆದಿದ್ದೇನೆ, ನೋಡಿ: "ಸೆರ್ವಾಂಟಿಸ್: 22 ಏಪ್ರಿಲ್ 1616, ಚರ್ಚ್ ಪುಸ್ತಕದಲ್ಲಿ 23. ಶೇಕ್ಸ್‌ಪಿಯರ್: ಅಂದಿನ ಇಂಗ್ಲೆಂಡಿನ ಲೆಕ್ಕದಲ್ಲಿ 23 ಏಪ್ರಿಲ್ 1616, ಇಂದಿನ ಲೆಕ್ಕದಲ್ಲಿ ಮೇ 3." ಮೊದಲಿನ ಒಂದು ಸಾಲು ಈಗ ಮೂರು ಸಾಲಾಗಿದೆ. ಅಕ್ಷರ ಚಿಕ್ಕದಾಯಿತು.

ತಕರಾರು
22ರ ಪಕ್ಕ "ಬಹುಶಃ" ಸೇರಿಸಿ.

ಸುಮನಾ
ಜಾಗ ಇಲ್ಲ!

ತಕರಾರು
ಪ್ರಶ್ನಾರ್ಥಕ ಚಿಹ್ನೆ ಹಾಕಿ. ಒಂದೇ ಅಕ್ಷರದ ಜಾಗ.

ಮಂಜುನಾಥ್ ಎಸ್.
ನಾನು ಡೈರಿಯಲ್ಲಿ ಬರೆದಿಟ್ಟೆ. 11.40, ಗೋಡೆ ಗಡಿಯಾರ ಅಂತ. ಅಮ್ಮ ಓದಿ, ಆ ಗಡಿಯಾರ ಐದು ನಿಮಿಷ ಮುಂದಿತ್ತು ಅಂದರು. ಅದನ್ನೂ ಬರೆದೆ.